ಬೀದರ್‌ನಲ್ಲಿ ಎರಡು ರಾತ್ರಿ ಉಳಿಯಲು ಲಾಡ್ಜ್ ಹುಡುಕುವಾಗ: ರಿವ್ಯೂ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ ಕಡೆಯಿಂದ ಮನೆಮಂದಿಯನ್ನು ಕರೆದುಕೊಂಡು ಬೀದರ್‌ಗೆ ಹೊರಡುವವರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಂಬಜ್‌ಗಳು, ನಾನಕ್ ಝೀರಾ, ಝರಣಿ ನರಸಿಂಹ. ಎಲ್ಲಿಗೆ ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ರಾತ್ರಿ ಎಲ್ಲಿ ಮಲಗಬೇಕು ಅನ್ನುವುದರಲ್ಲೇ ತಲೆ ಕೆಡುತ್ತದೆ. ಗೂಗಲ್ ಮ್ಯಾಪ್ ತೆರೆದರೆ ಎಲ್ಲ ಲಾಡ್ಜ್‌ನ ಕೆಳಗೂ ಹೊಗಳಿಕೆ ಇದೆ, ಬೈಗುಳವೂ ಇದೆ.

ಉತ್ತರಗಳ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. ನಮ್ಮ ಓಣಿಯ ಮಾಸ್ತರೊಬ್ಬರು ಡಿಸೆಂಬರ್‌ನಲ್ಲಿ ಬೀದರ್‌ಗೆ ಹೊರಟಿದ್ದರು. ಹೆಂಡತಿ, ಆರು ವರ್ಷದ ಮಗಳು, ಮೊಣಕಾಲು ನೋವಿನ ತಾಯಿ ಜೊತೆಗಿದ್ದರು. ಅವರು ಮೂರು ಲಾಡ್ಜ್ ಆರಿಸಿಕೊಂಡು ಬಂದರು. ಹೆಸರು ಬೇಡ. ಒಂದಕ್ಕೆ 62 ರಿವ್ಯೂ, 4.6 ಸ್ಟಾರ್. ಎರಡನೆಯದಕ್ಕೆ 1,180 ರಿವ್ಯೂ, 4.1. ಮೂರನೆಯದಕ್ಕೆ 340 ರಿವ್ಯೂ, 3.8.

4.6 ಇರುವಾಗ 3.8 ಇರುವುದನ್ನು ಯಾಕೆ ನೋಡಬೇಕು?

ಸ್ಟಾರ್ ಅಂದರೆ ಬರೀ ಸರಾಸರಿ. ರಿವ್ಯೂ ಕಡಿಮೆ ಇದ್ದಾಗ ಸರಾಸರಿಯನ್ನು ಎಳೆದಾಡುವುದು ಬಹಳ ಸುಲಭ. ಒಂದು ಲಾಡ್ಜ್‌ಗೆ 40 ರಿವ್ಯೂ, 4.1 ಸ್ಟಾರ್ ಇದೆ ಅಂದುಕೊಳ್ಳಿ. ಮಾಲೀಕರು ನೆಂಟರು, ಗೆಳೆಯರಿಂದ 20 ಐದು ಸ್ಟಾರ್ ಹಾಕಿಸಿದರೆ ಅದು 4.4 ಆಗುತ್ತದೆ. ಅದೇ 20 ಸ್ಟಾರ್‌ಗಳನ್ನು 1,200 ರಿವ್ಯೂ ಇರುವ ಲಾಡ್ಜ್‌ಗೆ ಹಾಕಿಸಿದರೆ 4.1 ಅಲ್ಲಾಡುವುದೇ ಇಲ್ಲ. ಹಾಗಾಗಿ ಸ್ಟಾರ್ ನೋಡಿದ ಕೂಡಲೇ ಪಕ್ಕದ ಸಂಖ್ಯೆಯನ್ನೂ ನೋಡಿ.

ಮಾಸ್ತರರ ಮೊದಲ ಲಾಡ್ಜ್‌ನ 62 ರಿವ್ಯೂಗಳನ್ನು ಕೂತು ಎಣಿಸಿದೆವು. ಅವುಗಳಲ್ಲಿ 34 ಐದು ಸ್ಟಾರ್‌ಗಳು ಹತ್ತಿರ ಹತ್ತಿರ ಒಂದೇ ಸಮಯಕ್ಕೆ ಬಿದ್ದಿದ್ದವು. ಅವನ್ನು ಪಕ್ಕಕ್ಕಿಟ್ಟರೆ ಉಳಿದ 28ರ ಸರಾಸರಿ 4.1. ಅಂದರೆ ಮೊದಲನೆಯದು, ಎರಡನೆಯದು ಒಂದೇ ಮಟ್ಟಕ್ಕೆ ಬಂದವು. ಆ 34 ಯಾಕೆ ಪಕ್ಕಕ್ಕೆ ಹೋದವು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. 4.1ಕ್ಕೂ 3.8ಕ್ಕೂ ನಡುವಿನ ವ್ಯತ್ಯಾಸ ಕೋಣೆಯಿಂದಲೇ ಬಂದಿರಬೇಕು ಅಂತಿಲ್ಲ. ಬಂದವರ ಬಗೆಯಿಂದಲೂ ಬಂದಿರಬಹುದು. ನಮ್ಮ ಮಾಸ್ತರರ ವಿಷಯದಲ್ಲಿ ಹಾಗೇ ಆಯಿತು.

ರಿವ್ಯೂ ತೆರೆದ ಕೂಡಲೇ ಮೊದಲು ಏನು ಮಾಡಬೇಕು?

ಗೂಗಲ್ ಮ್ಯಾಪ್ ನಿಮಗೆ ಮೊದಲು ತೋರಿಸುವುದು ಅದು ಮುಖ್ಯ ಅಂದುಕೊಂಡಿರುವ ರಿವ್ಯೂಗಳನ್ನು. ಅದರಲ್ಲಿ ಮೂರು ವರ್ಷದ ಹಿಂದಿನದು ಮೇಲೆ ಇರಬಹುದು, ನಿನ್ನೆಯದು ಕೆಳಗೆ ಹೋಗಿರಬಹುದು. ವಿಂಗಡಿಸುವ ಜಾಗದಲ್ಲಿ Newest ಒತ್ತಿ. ಲಾಡ್ಜ್‌ಗಳು ಬೇಗ ಬದಲಾಗುತ್ತವೆ. ಮ್ಯಾನೇಜರ್ ಬದಲಾದರೆ ಸಾಕು, ಹಾಸಿಗೆ ಬಟ್ಟೆಯಿಂದ ಹಿಡಿದು ಮಾತಿನ ಧಾಟಿಯವರೆಗೆ ಎಲ್ಲ ಬದಲಾಗುತ್ತೆ. ಕಳೆದ ಒಂದು ವರ್ಷದ ರಿವ್ಯೂಗಳು ಹೇಳುವುದು ಒಂದು, ಹಳೆಯವು ಹೇಳುವುದು ಇನ್ನೊಂದು ಅಂತಾದರೆ ಹೊಸದನ್ನೇ ನಂಬಿ.

ಆಮೇಲೆ Lowest ಒತ್ತಿ ಕೆಳಗಿನವುಗಳನ್ನು ಓದಿ. ಕೊನೆಗೆ ಭೂತಗನ್ನಡಿಯ ಗುರುತು ಒತ್ತಿ ನಿಮಗೆ ಬೇಕಾದ ಪದ ಹುಡುಕಿ. ಇದನ್ನು ಮಾಡುವವರು ಕಡಿಮೆ, ಆದರೆ ಕೆಲಸಕ್ಕೆ ಬರುವುದು ಇದೇ. ಬೀದರ್‌ಗೆ ನಮ್ಮವರ ಜೊತೆ ತೆಲಂಗಾಣದವರು, ಮಹಾರಾಷ್ಟ್ರದವರೂ ಜಾಸ್ತಿ ಬರುತ್ತಾರೆ. ಅದಕ್ಕೇ ಬಿಸಿನೀರಿನ ಬಗ್ಗೆ ತಿಳಿಯಬೇಕಾದರೆ hot water, garam pani, ಬಿಸಿನೀರು, geyser ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ. ಮಾಸ್ತರರ ಜೊತೆ ಕೂತು lift ಅಂತ ಹುಡುಕಿದಾಗ ಎರಡನೇ ಲಾಡ್ಜ್‌ನ ಕಥೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಲಿಫ್ಟ್ ಇಲ್ಲ, ಕೆಳಗಿನ ಮಹಡಿಯಲ್ಲಿ ಕೋಣೆಯೂ ಇಲ್ಲ. ಆ 1,180 ರಿವ್ಯೂಗಳಲ್ಲಿ ಇದನ್ನು ಹೇಳಿದವರು ನಾಲ್ಕೈದು ಜನ. ಮೊಣಕಾಲು ನೋವಿನ ತಾಯಿ ಜೊತೆಗಿದ್ದರೆ ಆ ನಾಲ್ಕೈದೇ ಸಾಕು.

ಹೊಗಳಿಕೆ ಸುಳ್ಳು ಅಂತ ಗೊತ್ತಾಗುವುದು ಹೇಗೆ?

ಬರೀ ಓದಿ ಊಹಿಸಲು ಹೋದರೆ ನಾವೆಲ್ಲ ಸೋಲುತ್ತೇವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಶಿಕಾಗೋದ 20 ಹೋಟೆಲ್‌ಗಳ ಬಗ್ಗೆ ಜನ ಬರೆದಿದ್ದ 400 ಹೊಗಳಿಕೆಗಳನ್ನು ಆರಿಸಿಕೊಂಡರು. ಅಲ್ಲಿ ಉಳಿಯದವರಿಗೆ ದುಡ್ಡು ಕೊಟ್ಟು ಇನ್ನೂ 400 ಬರೆಸಿದರು. ಎರಡನ್ನೂ ಬೆರೆಸಿ ಕೊಟ್ಟಾಗ, ಓದಿದವರ ಊಹೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಸರಿ ಇರಲಿಲ್ಲ. ಆದರೆ ಪದಗಳನ್ನು ಲೆಕ್ಕ ಹಾಕಿದ ಕಂಪ್ಯೂಟರ್ ಪ್ರೋಗ್ರಾಮ್ ಹತ್ತರಲ್ಲಿ ಸುಮಾರು ಒಂಬತ್ತನ್ನು ಸರಿಯಾಗಿ ಹಿಡಿಯಿತು.

ಅದು ಹಿಡಿದ ಸುಳಿವು ನಮಗೂ ಕೆಲಸಕ್ಕೆ ಬರುತ್ತದೆ. ನಿಜವಾಗಿ ಉಳಿದವರು ಜಾಗದ ಬಗ್ಗೆ ಬರೆದಿದ್ದರು: ಬಾತ್‌ರೂಮ್, ಮಹಡಿ, ಕೋಣೆ ಚಿಕ್ಕದು, ಯಾವುದರ ಹತ್ತಿರ ಇದೆ ಇಂಥವು. ಬರೆಸಿಕೊಂಡವರು ತಮ್ಮ ಬಗ್ಗೆ, ಜೊತೆಗೆ ಬಂದವರ ಬಗ್ಗೆ, ರಜೆಯ ಬಗ್ಗೆ ಬರೆದಿದ್ದರು: ನಾನು, ನನ್ನ ಗಂಡ, ನಮ್ಮ ಪ್ರವಾಸ. ಕೋಣೆಯನ್ನೇ ನೋಡದವರಿಗೆ ಬೇರೇನು ಬರೆಯಲು ಸಾಧ್ಯ? ಬಾಗಿಲ ಚಿಲಕ ಹೇಗಿತ್ತು ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಇದನ್ನು ನಮ್ಮ ಊರಿಗೆ ಹೊಂದಿಸಿಕೊಳ್ಳಿ. ಇಲ್ಲಿ ಒಂದು ರಾತ್ರಿ ಕಳೆದವರು ಗಮನಿಸಲೇಬೇಕಾದ ಕೆಲವು ಸಂಗತಿಗಳಿವೆ. ಬೇಸಿಗೆಯಲ್ಲಿ ಕೂಲರ್ ಅಥವಾ ಎಸಿ, ಕರೆಂಟ್ ಹೋದಾಗ ಜನರೇಟರ್. ಚಳಿಗಾಲದಲ್ಲಿ ಬಿಸಿನೀರು ಮತ್ತು ಹೊದಿಕೆ. ಬೀದರ್ ಎತ್ತರದಲ್ಲಿರುವ ಊರು, ರಾಜ್ಯದಲ್ಲೇ ಜಾಸ್ತಿ ಚಳಿ ಬೀಳುವ ಕಡೆಗಳಲ್ಲಿ ಒಂದು. ಡಿಸೆಂಬರ್ ಬೆಳಿಗ್ಗೆ ಬಿಸಿನೀರು ಬಾರದಿದ್ದರೆ ಯಾರೂ ಸುಮ್ಮನಿರುವುದಿಲ್ಲ, ಬಂದರೆ ಅದನ್ನೂ ಬರೆಯುತ್ತಾರೆ.

ಈಗ ಮೊದಲ ಲಾಡ್ಜ್‌ನ ಆ 34 ರಿವ್ಯೂಗಳಿಗೆ ಬರೋಣ. ಪ್ರತಿ ರಿವ್ಯೂ ಪಕ್ಕದ ಸಮಯ ಹಿಡಿದು ಹಿಂದಕ್ಕೆ ಎಣಿಸಿದರೆ ಅವು ಬಿದ್ದದ್ದು ಮೇ ತಿಂಗಳಲ್ಲಿ. ಮೇ ಅಂದರೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವ ಕಾಲ. ಆ 34 ಜನರಲ್ಲಿ ಒಬ್ಬರೂ ಸೆಕೆ ಅನ್ನಲಿಲ್ಲ, ಎಸಿ ಅನ್ನಲಿಲ್ಲ, ಕರೆಂಟ್ ಅನ್ನಲಿಲ್ಲ, ನೀರು ಅನ್ನಲಿಲ್ಲ. ಎಲ್ಲರದ್ದೂ ಒಂದೇ ಮಾತು: ಕುಟುಂಬ ಸಮೇತ ಬಂದಿದ್ದೆವು, ಅದ್ಭುತ ಅನುಭವ, ಬೀದರ್‌ನ ನಂಬರ್ ಒನ್ ಹೋಟೆಲ್, ಎಲ್ಲರೂ ಬನ್ನಿ. ಮೇ ತಿಂಗಳಲ್ಲಿ ಬೀದರ್‌ನಲ್ಲಿ ಮಲಗಿ ಎದ್ದವರು ಫ್ಯಾನಿನ ಬಗ್ಗೆಯೂ ಒಂದು ಮಾತು ಬರೆಯದೆ ಹೋಗುವುದನ್ನು ನಾನು ನಂಬಲಾರೆ.

ಹೋಟೆಲ್ ಹೆಸರನ್ನು ಊರ ಹೆಸರಿನ ಸಮೇತ ಪೂರ್ತಿಯಾಗಿ, ಮತ್ತೆ ಮತ್ತೆ ಬರೆಯುವುದೂ ಒಂದು ಗುರುತು. ಉಳಿದು ಬಂದವರು “ರೂಮ್ ಚೆನ್ನಾಗಿದೆ” ಅನ್ನುತ್ತಾರೆ. “ಬೀದರ್ ನಗರದ ಇಂಥ ಹೋಟೆಲ್ ಅತ್ಯುತ್ತಮ ಸೌಲಭ್ಯ ನೀಡುತ್ತದೆ” ಅನ್ನುವುದು ಜಾಹೀರಾತಿನ ಭಾಷೆ.

ಒಂದು ಎಚ್ಚರಿಕೆ. ಬರೀ “ಸೂಪರ್”, “ಗುಡ್” ಅಂತ ಬರೆದದ್ದನ್ನೆಲ್ಲ ಸುಳ್ಳು ಅನ್ನಬೇಡಿ. ಫೋನಿನಲ್ಲಿ ಟೈಪ್ ಮಾಡಲು ಬೇಸರ ಪಡುವ ಪ್ರಾಮಾಣಿಕ ಜನ ಬಹಳ ಇದ್ದಾರೆ. ಅಂಥ ರಿವ್ಯೂಗಳಿಂದ ನಿಮಗೆ ತಿಳಿಯುವುದು ಏನೂ ಇಲ್ಲ, ಅಷ್ಟೇ. ದಾಟಿ ಮುಂದೆ ಹೋಗಿ.

ಒಂದೇ ವಾರದಲ್ಲಿ ಸಾಲಾಗಿ ಐದು ಸ್ಟಾರ್ ಬಿದ್ದರೆ ಎಲ್ಲವೂ ಸುಳ್ಳೇ?

ಇಲ್ಲ. ನಮ್ಮ ಕಡೆ ಇದಕ್ಕೆ ಒಂದು ದೊಡ್ಡ ಕಾರಣ ಮದುವೆ. ಬೀದರ್, ಕಲಬುರಗಿಯ ಎಷ್ಟೋ ಲಾಡ್ಜ್‌ಗಳ ಜೊತೆಗೇ ಫಂಕ್ಷನ್ ಹಾಲ್ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಹೂರ್ತ ಬಿತ್ತು ಅಂದರೆ ಬೀಗರ ಕಡೆಯವರಿಗೆ ಇಡೀ ಮಹಡಿ ಬುಕ್ ಆಗಿರುತ್ತದೆ. ಮದುವೆಗೆ ಬಂದವರಲ್ಲಿ ಹತ್ತು ಹುಡುಗರು ಒಂದೇ ದಿನ ರಿವ್ಯೂ ಹಾಕಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಎರಡನ್ನೂ ಬೇರೆ ಮಾಡುವುದು ಸುಲಭ. ಮದುವೆಗೆ ಬಂದವರು ಹಾಲ್ ಬಗ್ಗೆ, ಪಾರ್ಕಿಂಗ್ ಬಗ್ಗೆ, ಊಟದ ಬಗ್ಗೆ ಬರೆಯುತ್ತಾರೆ. ಫೋಟೋದಲ್ಲಿ ಸ್ಟೇಜ್ ಇರುತ್ತದೆ, ಹೂವಿನ ಅಲಂಕಾರ ಇರುತ್ತದೆ. ಒಬ್ಬರು ಐದು ಕೊಟ್ಟರೆ ಇನ್ನೊಬ್ಬರು ಮೂರು ಕೊಡುತ್ತಾರೆ, ಮತ್ತೊಬ್ಬರು ಸೆಕೆಗೆ ಜೀವ ಹೋಯಿತು ಅಂತ ಬರೆಯುತ್ತಾರೆ. ಆದರೆ ನೀವು ಹೋಗುತ್ತಿರುವುದು ಮಲಗಲು. ಹಾಲ್ ಎಷ್ಟು ಚೆನ್ನಾಗಿದ್ದರೂ ನಿಮಗೇನು ಲಾಭ? ಹಾಗಾಗಿ ಆ ರಿವ್ಯೂಗಳು ನಿಜವಾದರೂ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಂದ ತಿಳಿಯುವುದು ಇನ್ನೊಂದು ಇದೆ: ನೀವು ಹೋಗುವ ದಿನ ಅಲ್ಲಿ ಮದುವೆ ಇದ್ದರೆ ರಾತ್ರಿ ಡಿಜೆ ಸದ್ದು ಗ್ಯಾರಂಟಿ.

ಬರೆದವರು ಯಾರು ಅಂತ ಹೇಗೆ ನೋಡುವುದು?

ಹೆಸರಿನ ಮೇಲೆ ಒತ್ತಿದರೆ ಅವರು ಬರೆದ ಬೇರೆ ರಿವ್ಯೂಗಳು ಕಾಣಿಸುತ್ತವೆ, ಅವರು ಮುಚ್ಚಿಟ್ಟಿರದಿದ್ದರೆ. ಇಡೀ ಜೀವನದಲ್ಲಿ ಒಂದೇ ರಿವ್ಯೂ, ಅದೂ ಈ ಲಾಡ್ಜ್‌ಗೆ ಐದು ಸ್ಟಾರ್ ಅಂದರೆ ಸ್ವಲ್ಪ ಅನುಮಾನ ಇರಲಿ. ಒಂದೇ ಕಾಲಕ್ಕೆ ಜೈಪುರದ ದಂತವೈದ್ಯರು, ಕೊಚ್ಚಿಯ ಕಾರ್ ಶೋರೂಮ್, ಬೀದರ್‌ನ ಲಾಡ್ಜ್, ಎಲ್ಲಕ್ಕೂ ಐದು ಸ್ಟಾರ್ ಅಂದರೆ ಅನುಮಾನವೇ ಬೇಡ, ಅದು ದುಡ್ಡಿನ ಕೆಲಸ. Local Guide ಅನ್ನುವ ಬಿರುದು ನೋಡಿ ಮರುಳಾಗಬೇಡಿ. ಅದು ಜಾಸ್ತಿ ಬರೆದದ್ದಕ್ಕೆ ಬರುವ ಪಾಯಿಂಟ್. ಸರಿಯಾಗಿ ಬರೆದದ್ದಕ್ಕೆ ಕೊಡುವ ಪ್ರಮಾಣಪತ್ರ ಅಲ್ಲ.

ನಾನು ಹೆಚ್ಚು ನಂಬುವುದು ನಡುವಿನವರನ್ನು. ಅವರ ಪಟ್ಟಿಯಲ್ಲಿ ಬಸವಕಲ್ಯಾಣದ ಒಂದು ಖಾನಾವಳಿಗೆ ನಾಲ್ಕು ಸ್ಟಾರ್, ಹುಮನಾಬಾದ್‌ನ ಪೆಟ್ರೋಲ್ ಬಂಕ್‌ಗೆ ಎರಡು, ಈ ಲಾಡ್ಜ್‌ಗೆ ಮೂರು ಇರುತ್ತದೆ. ಊರೂರು ತಿರುಗಿ, ಕಂಡದ್ದನ್ನು ಕಂಡ ಹಾಗೆ ಬರೆಯುವವರು ಇವರು.

ಕೌಂಟರ್‌ನಲ್ಲೇ ಸ್ಕ್ಯಾನ್ ಮಾಡಿಸಿ ಐದು ಸ್ಟಾರ್ ಕೇಳುತ್ತಾರಲ್ಲ, ಅದು?

ರಿವ್ಯೂ ಬರೆಯಿರಿ ಅಂತ ಕೇಳುವುದು ತಪ್ಪಲ್ಲ. ಆದರೆ ಡಿಸ್ಕೌಂಟ್, ಉಚಿತ ತಿಂಡಿ ಇಂಥದ್ದರ ಆಸೆ ತೋರಿಸಿ ಬರೆಸುವುದು ಗೂಗಲ್ ನಿಯಮಕ್ಕೇ ವಿರುದ್ಧ. ಇಂಥವು ಸುಳ್ಳು ರಿವ್ಯೂ ಅಲ್ಲ, ಬರೆದವರು ಅಲ್ಲಿ ಇದ್ದದ್ದು ನಿಜ. ಆದರೆ ಮ್ಯಾನೇಜರ್ ಎದುರಿಗೆ ನಿಂತಿರುವಾಗ, ಬ್ಯಾಗ್ ಇನ್ನೂ ಕೈಯಲ್ಲಿರುವಾಗ ಯಾರು ತಾನೇ ಮೂರು ಸ್ಟಾರ್ ಹಾಕುತ್ತಾರೆ? ಗುರುತು ಹಿಡಿಯುವುದು ಹೀಗೆ: ಇಂಥ ರಿವ್ಯೂಗಳಲ್ಲಿ ಸಿಬ್ಬಂದಿಯ ಹೆಸರು ಇರುತ್ತದೆ. ಅದೇ ಹೆಸರು ಮುಂದಿನ ಏಳೆಂಟು ರಿವ್ಯೂಗಳಲ್ಲೂ ಬರುತ್ತದೆ. ಕೋಣೆಯ ಬಗ್ಗೆ ಒಂದೂ ಮಾತಿಲ್ಲ. ಆ ಹುಡುಗ ನಿಜಕ್ಕೂ ಒಳ್ಳೆಯವನೇ ಇರಬಹುದು. ಸಿಬ್ಬಂದಿ ಚೆನ್ನಾಗಿ ಮಾತಾಡುತ್ತಾರೆ ಅನ್ನುವಷ್ಟು ಮಾತ್ರ ಅದರಿಂದ ತೆಗೆದುಕೊಳ್ಳಿ.

ಬೈದು ಬರೆದದ್ದೆಲ್ಲ ನಿಜವೇ?

ಅದೂ ಇಲ್ಲ. ಪಕ್ಕದ ಲಾಡ್ಜ್‌ನವರು ಬರೆಸಿರಬಹುದು. ಇದರ ಬಗ್ಗೆಯೂ ಅಮೆರಿಕದಲ್ಲಿ ಅಧ್ಯಯನ ಆಗಿದೆ, 2014ರಲ್ಲಿ ಪ್ರಕಟವಾಯಿತು. ಟ್ರಿಪ್‌ಅಡ್ವೈಸರ್ ಅನ್ನುವ ರಿವ್ಯೂ ತಾಣದಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಎಕ್ಸ್‌ಪೀಡಿಯಾ ಅನ್ನುವ ಬುಕಿಂಗ್ ತಾಣದಲ್ಲಿ ಅದರ ಮೂಲಕ ಬುಕ್ ಮಾಡಿ ಉಳಿದವರು ಮಾತ್ರ ಬರೆಯಬಹುದಿತ್ತು. ಒಂದೇ ಹೋಟೆಲ್‌ನ ಎರಡೂ ಕಡೆಯ ರಿವ್ಯೂಗಳನ್ನು ಹೋಲಿಸಿದರು. ಒಬ್ಬರೇ ಮಾಲೀಕರಿರುವ ಚಿಕ್ಕ ಹೋಟೆಲ್ ಪಕ್ಕದಲ್ಲಿದ್ದರೆ, ಯಾರು ಬೇಕಾದರೂ ಬರೆಯುವ ಕಡೆ ಬೈಗುಳ ಜಾಸ್ತಿ ಇತ್ತು.

ಈ ಉಪಾಯವನ್ನು ನಾವೂ ಬಳಸಬಹುದು. ಗೂಗಲ್‌ನಲ್ಲಿ ಯಾರಾದರೂ ಬರೆಯಬಹುದು. ಬುಕಿಂಗ್ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಬುಕ್ ಮಾಡಿದವರದ್ದೇ ರಿವ್ಯೂ ಇರುತ್ತದೆ. ಎರಡನ್ನೂ ತೆರೆದು ಒಂದೇ ದೂರು ಎರಡೂ ಕಡೆ ಇದೆಯೇ ನೋಡಿ. ಇದ್ದರೆ ನಂಬಿ. ಆದರೆ ನಮ್ಮ ಊರುಗಳಲ್ಲಿ ಇದಕ್ಕೊಂದು ಮಿತಿ ಇದೆ. ಇಲ್ಲಿ ಜನ ನೇರ ಕೌಂಟರ್‌ಗೆ ಹೋಗಿ ರೂಮ್ ತೆಗೆದುಕೊಳ್ಳುವುದೇ ಹೆಚ್ಚು. ಅದಕ್ಕೇ ಆ್ಯಪ್‌ನಲ್ಲಿ ಎಷ್ಟೋ ಸಲ ಹತ್ತು ಹದಿನೈದು ರಿವ್ಯೂ ಮಾತ್ರ ಸಿಗುತ್ತವೆ.

ನಿಜವಾದ ದೂರಿನಲ್ಲಿ ಸಮಯ ಇರುತ್ತದೆ, ಜಾಗ ಇರುತ್ತದೆ. “ರಾತ್ರಿ ಎರಡಕ್ಕೆ ಬಾತ್‌ರೂಮ್‌ನ ನೀರು ಹೊರಗೆ ಬಂತು, ಕೆಳಗೆ ಹೋಗಿ ಕರೆದರೆ ಯಾರೂ ಇರಲಿಲ್ಲ” ಅನ್ನುವುದು ನಿಜದ ಹಾಗೆ ಕೇಳಿಸುತ್ತದೆ ಅಲ್ವಾ? “ಮೋಸಗಾರರು, ಯಾರೂ ಹೋಗಬೇಡಿ, ಪಕ್ಕದಲ್ಲಿ ಒಳ್ಳೆ ಹೋಟೆಲ್ ಇದೆ” ಅಂತ ಬರೆದವರ ಬಗ್ಗೆ ಎರಡು ಸಲ ಯೋಚಿಸಿ.

ಫೋಟೋ ನೋಡಿದರೆ ಸಾಕಲ್ಲವೇ?

ಯಾರು ತೆಗೆದ ಫೋಟೋ ಅನ್ನುವುದರ ಮೇಲಿದೆ. ಮಾಲೀಕರ ಫೋಟೋದಲ್ಲಿ ಕೋಣೆ ಅಂಗಳದಷ್ಟು ಅಗಲ ಕಾಣುತ್ತದೆ. ಅಗಲ ಲೆನ್ಸಿನಲ್ಲಿ ಮಂಚದ ಅಂಚು ಒಂದು ಕಡೆ ಎಳೆದ ಹಾಗೆ ಕಂಡರೆ ಅಳತೆ ನಂಬಬೇಡಿ. ಉಳಿದುಕೊಂಡವರು ಹಾಕಿದ ಫೋಟೋಗಳಲ್ಲಿ ಹೊಸವನ್ನು ಆರಿಸಿ. ಮಂಚ, ಟಿವಿ ಬಿಟ್ಟು ಮೂಲೆಗಳನ್ನು ನೋಡಿ. ಬಾತ್‌ರೂಮಿನ ನಲ್ಲಿಯ ಸುತ್ತ ಬಿಳಿ ಕಲೆ ಗಟ್ಟಿಯಾಗಿ ಕಟ್ಟಿದ್ದರೆ ನೀರು ಗಡಸು. ನಮ್ಮ ಕಡೆ ಬೋರ್ ನೀರಿಗೆ ಅದು ಮಾಮೂಲು, ಗಾಬರಿ ಬೇಡ. ಕಿಟಕಿ ಮೇಲಿನ ಗೋಡೆಯಲ್ಲಿ ನೀರಿಳಿದ ಕಪ್ಪು ಗುರುತು ಇದ್ದರೆ ಮಳೆಗಾಲದಲ್ಲಿ ಆ ಕೋಣೆ ಬೇಡ. ಕಮೋಡ್ ಇದೆಯೋ, ಭಾರತೀಯ ಶೈಲಿಯದೋ ಅನ್ನುವುದೂ ಫೋಟೋದಲ್ಲೇ ತಿಳಿಯುತ್ತದೆ. ಮೊಣಕಾಲು ನೋವಿನವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಆದರೆ ಅದನ್ನು ರಿವ್ಯೂನಲ್ಲಿ ಬರೆಯುವವರು ಬಹಳ ಕಡಿಮೆ.

ರಿವ್ಯೂ ನಿಜ, ಆದರೆ ನನಗೆ ಹೊಂದುತ್ತದೆಯೋ ಇಲ್ಲವೋ ಹೇಗೆ ತಿಳಿಯುವುದು?

ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ಸುಳ್ಳನ್ನು ಹಿಡಿದರೂ ಕೆಲಸ ಅರ್ಧವೇ ಆಗಿರುತ್ತದೆ. ಪೂರ್ತಿ ನಿಜವಾದ ರಿವ್ಯೂ ಕೂಡ ನಿಮ್ಮನ್ನು ತಪ್ಪು ಜಾಗಕ್ಕೆ ಕಳಿಸಬಹುದು, ಯಾಕೆಂದರೆ ಬರೆದವರಿಗೆ ಬೇಕಾದದ್ದೇ ಬೇರೆ.

ಆ್ಯಪ್ ತೆರೆಯುವ ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವುದು ಇಲ್ಲದಿದ್ದರೆ ನಡೆಯುವುದೇ ಇಲ್ಲ, ಯಾವುದು ಇದ್ದರೆ ಒಳ್ಳೆಯದು. ರಿವ್ಯೂ ಓದಿದ ಮೇಲೆ ಬರೆದರೆ ಓದಿದ್ದೇ ನಿಮ್ಮ ಆಸೆ ಆಗಿಬಿಡುತ್ತದೆ. ಮಾಸ್ತರರು ಬರೆದದ್ದು ಮೂರೇ: ಮೆಟ್ಟಿಲು ಹತ್ತಬಾರದು, ಕಮೋಡ್ ಬೇಕು, ಬೆಳಿಗ್ಗೆ ಬಿಸಿನೀರು ಬೇಕು. ಇದ್ದರೆ ಒಳ್ಳೆಯದು ಅಂತ ಬರೆದದ್ದು ರೊಟ್ಟಿ ಊಟ ಮತ್ತು ರಾತ್ರಿ ಗಲಾಟೆ ಇಲ್ಲದಿರುವುದು.

ಆ ಚೀಟಿ ಕೈಯಲ್ಲಿ ಹಿಡಿದು 3.8 ಸ್ಟಾರ್‌ನ ಮೂರನೇ ಲಾಡ್ಜ್‌ನ ಕೆಟ್ಟ ರಿವ್ಯೂಗಳನ್ನು ಓದಿದೆವು. ಜಾಸ್ತಿ ಬೈದವರು ಹೈದರಾಬಾದ್‌ನಿಂದ ವಾರಾಂತ್ಯಕ್ಕೆ ಬಂದ ಹುಡುಗರ ಗುಂಪುಗಳು. ಅಲ್ಲಿಂದ ಬೀದರ್ ಕಾರಿನಲ್ಲಿ ಸುಮಾರು ಮೂರು ತಾಸಿನ ದಾರಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಕೋಟೆ. ಅವರ ದೂರುಗಳು ಏನು? ನಾನ್‌ವೆಜ್ ಇಲ್ಲ. ಬಾರ್ ಇಲ್ಲ. ಹತ್ತೂವರೆಗೆ ಗೇಟ್ ಹಾಕುತ್ತಾರೆ. ಮೇಲೆ ಜೋರಾಗಿ ಹಾಡು ಹಾಕಿದರೆ ಬಂದು ಬಯ್ಯುತ್ತಾರೆ. ಊಟಕ್ಕೆ ಬಿರಿಯಾನಿ ಬದಲು ಜೋಳದ ರೊಟ್ಟಿ, ಪುಂಡಿ ಪಲ್ಯ.

ಒಂದೊಂದು ದೂರು ಓದಿದಾಗಲೂ ಮಾಸ್ತರರು “ನಮಗ ಬೇಕಾಗಿದ್ದು ಇದೇ ಅಲ್ರೀ” ಅಂದರು. ಆ ಹುಡುಗರು ಸುಳ್ಳು ಬರೆದಿರಲಿಲ್ಲ. ಅವರ ಒಂದು ಸ್ಟಾರ್ ಇವರಿಗೆ ಐದು ಸ್ಟಾರ್ ಆಗಿತ್ತು, ಅಷ್ಟೇ.

ಹಾಗಂತ ಅಲ್ಲಿ ಎಲ್ಲ ಸರಿ ಇತ್ತು ಅಂತಲ್ಲ. garam pani ಅಂತ ಹುಡುಕಿದಾಗ ಹಿಂದಿನ ಸಾಲಿನ ಕೋಣೆಗಳಿಗೆ ಬಿಸಿನೀರು ತಡವಾಗಿ ಬರುತ್ತದೆ ಅನ್ನುವ ದೂರು ಎರಡು ಚಳಿಗಾಲದಲ್ಲೂ ಸಿಕ್ಕಿತು. ಬರೆದವರು ಬೇರೆ ಬೇರೆ, ಒಬ್ಬರು ಮರಾಠಿಯಲ್ಲಿ, ಒಬ್ಬರು ಹಿಂದಿಯಲ್ಲಿ. ವರ್ಷ ಬದಲಾದರೂ ಬದಲಾಗದ ದೂರು ಅಂದರೆ ಅದು ಆ ಕಟ್ಟಡದ ಪೈಪಿನ ಸಮಸ್ಯೆ. ಫೋನ್ ಮಾಡುವಾಗ ಕೇಳಬೇಕಾದ ಪ್ರಶ್ನೆ ಅದರಿಂದ ಹುಟ್ಟಿತು.

ನೋಡುವ ಜಾಗಗಳ ರಿವ್ಯೂಗೂ ಇದೇ ಲೆಕ್ಕವೇ?

ಹೌದು, ಅಲ್ಲಿ ಇನ್ನೂ ಜಾಸ್ತಿ. ಝರಣಿ ನರಸಿಂಹನ ಗುಡಿಗೆ ಹೋಗಬೇಕಾದರೆ ಸುಮಾರು 300 ಮೀಟರ್ ಗುಹೆಯೊಳಗೆ ನೀರಿನಲ್ಲೇ ನಡೆಯಬೇಕು. ನೀರು ಸೊಂಟದವರೆಗೆ, ಕೆಲವೊಮ್ಮೆ ಎದೆಯವರೆಗೆ ಇರುತ್ತದೆ. ತಲೆಯ ಮೇಲೆ ಬಾವಲಿಗಳು. ಒಬ್ಬರು “ಜೀವನದಲ್ಲಿ ಮರೆಯಲಾರೆ” ಅಂತ ಐದು ಕೊಡುತ್ತಾರೆ, ಇನ್ನೊಬ್ಬರು “ಉಸಿರು ಕಟ್ಟಿತು, ಮಕ್ಕಳು ಅತ್ತರು” ಅಂತ ಒಂದು ಕೊಡುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ಸಂಗತಿ. ಆರು ವರ್ಷದ ಮಗುವಿಗೆ ಎದೆಮಟ್ಟದ ನೀರು ಅಂದರೆ ಅಪ್ಪನ ಹೆಗಲೇ ಗತಿ. ಇಲ್ಲಿ ಸರಾಸರಿ ಸ್ಟಾರ್‌ಗೆ ಅರ್ಥವೇ ಇಲ್ಲ. ನೀರಿನ ಮಟ್ಟ, ಒಳಗೆ ಬಿಡುತ್ತಿದ್ದಾರೋ ಇಲ್ಲವೋ ಅನ್ನುವುದಕ್ಕೆ ಕಳೆದ ವಾರದ ರಿವ್ಯೂ ಮಾತ್ರ ಓದಿ.

ದಿನವೂ ಮುಖ್ಯ. ಅಫಜಲಪುರ ತಾಲೂಕಿನ ಗಾಣಗಾಪುರವನ್ನೇ ನೋಡಿ. ದತ್ತಾತ್ರೇಯನ ದರ್ಶನಕ್ಕೆ ಗುರುವಾರ, ಹುಣ್ಣಿಮೆ, ಅಮಾವಾಸ್ಯೆ ಜನಸಾಗರ. “ಐದು ತಾಸು ಸಾಲು, ನಿಲ್ಲಲೂ ಜಾಗವಿಲ್ಲ” ಅಂತ ಬರೆದವರು ಯಾವ ದಿನ ಹೋಗಿದ್ದರು ಅನ್ನುವುದನ್ನು ಮೊದಲು ನೋಡಿ. ಬುಧವಾರ ಹೋಗುವವರಿಗೆ ಆ ರಿವ್ಯೂ ಲೆಕ್ಕಕ್ಕಿಲ್ಲ. ಹುಣ್ಣಿಮೆಗೇ ಹೋಗಬೇಕು ಅನ್ನುವ ಭಕ್ತರಿಗೆ ಅದು ಬಹಳ ಬೆಲೆಬಾಳುವ ಮಾಹಿತಿ. ಗೂಗಲ್‌ನಲ್ಲಿ ಪೂರ್ತಿ ತಾರೀಖು ಕಾಣದೆ “2 ತಿಂಗಳ ಹಿಂದೆ” ಅಂತ ಬರುತ್ತದೆ, ಅದೂ ಬರೆದ ದಿನ, ಹೋದ ದಿನ ಅಲ್ಲ. ಹಾಗಾಗಿ ಬರಹದೊಳಗೇ ದಿನದ ಸುಳಿವು ಹುಡುಕಬೇಕು.

ತೆಲುಗು, ಮರಾಠಿ ರಿವ್ಯೂಗಳ ಅನುವಾದ ನಂಬಬಹುದೇ?

ಸಂಗತಿ ತಿಳಿಯಲು ಸಾಕು. ಧಾಟಿ ತಿಳಿಯಲು ಸಾಲದು. ನಯವಾಗಿ ಬರೆದ ದೂರು ಅನುವಾದದಲ್ಲಿ ಒರಟಾಗಿ ಕಾಣಬಹುದು. ಅನುಮಾನ ಬಂದರೆ ಮೂಲ ತೋರಿಸು ಅಂತ ಒತ್ತಿ, ಆ ಭಾಷೆ ಬಲ್ಲವರಿಗೆ ತೋರಿಸಿ. ನಮ್ಮ ಓಣಿಗಳಲ್ಲಿ ಮರಾಠಿ, ತೆಲುಗು ಓದಬಲ್ಲ ಅಜ್ಜಿಯೋ ಕಾಕಾನೋ ಸಿಕ್ಕೇ ಸಿಗುತ್ತಾರೆ.

ಮಾಲೀಕರ ಉತ್ತರ ಓದಬೇಕೇ?

ಕೆಟ್ಟ ರಿವ್ಯೂಗೆ ಕೊಟ್ಟ ಉತ್ತರವನ್ನು ಮಾತ್ರ ಓದಿ. ಎಲ್ಲದಕ್ಕೂ ಒಂದೇ ವಾಕ್ಯ ಅಂಟಿಸಿದ್ದರೆ ಯಾರೂ ಓದುತ್ತಿಲ್ಲ ಅಂತ ಅರ್ಥ. ಗಿರಾಕಿಯನ್ನೇ ಬೈದಿದ್ದರೆ, ನಾಳೆ ನಿಮಗೂ ಅದೇ. “ಮೋಟಾರ್ ಸುಟ್ಟಿತ್ತು, ಈಗ ಹೊಸದು ಹಾಕಿದ್ದೇವೆ” ಅಂತ ಬರೆದಿದ್ದರೆ, ಆಮೇಲೆ ಬಂದ ರಿವ್ಯೂಗಳಲ್ಲಿ ನೀರಿನ ದೂರು ನಿಂತಿದೆಯೇ ನೋಡಿ. ನಿಂತಿದ್ದರೆ ಆ ಲಾಡ್ಜ್‌ಗೆ ನನ್ನ ಮತ.

ಸುಳ್ಳು ರಿವ್ಯೂ ಕಂಡರೆ ದೂರು ಕೊಡಬಹುದೇ?

ಗೂಗಲ್‌ನಲ್ಲಿ ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ Report review ಆರಿಸಬಹುದು. ತೆಗೆದೇ ತೆಗೆಯುತ್ತಾರೆ ಅಂತ ಕಾಯಬೇಡಿ. ಭಾರತದಲ್ಲಿ ಆನ್‌ಲೈನ್ ರಿವ್ಯೂಗಳಿಗೆ IS 19000:2022 ಅನ್ನುವ ಮಾನದಂಡವನ್ನು ಭಾರತೀಯ ಮಾನಕ ಬ್ಯೂರೋ ಮಾಡಿದೆ. 2022ರ ನವೆಂಬರ್‌ನಲ್ಲಿ ಹೊರಬಂದಾಗ ಅದನ್ನು ಕಡ್ಡಾಯ ಮಾಡಿರಲಿಲ್ಲ, ಕಂಪನಿಗಳ ಇಚ್ಛೆಗೆ ಬಿಟ್ಟಿದ್ದರು. ರಿವ್ಯೂ ನಂಬಿ ಬುಕ್ ಮಾಡಿ, ಹೇಳಿದ ಸೌಲಭ್ಯ ಕೊಡದೆ ದುಡ್ಡು ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬುಕಿಂಗ್ ರಸೀದಿ, ಆ್ಯಪ್ ಪುಟದ ಸ್ಕ್ರೀನ್‌ಶಾಟ್, ಕೋಣೆಯ ಫೋಟೋ ಕೈಯಲ್ಲಿರಲಿ.

ಎಲ್ಲ ಓದಿದ ಮೇಲೂ ಗೊಂದಲ ಇದ್ದರೆ?

ಫೋನ್ ಮಾಡಿ. ಆದರೆ “ರೂಮ್ ಚೆನ್ನಾಗಿದೆಯಾ, ಬಿಸಿನೀರು ಬರುತ್ತಾ” ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹೌದು, ಇಲ್ಲ ಅನ್ನಲಾಗದ ಪ್ರಶ್ನೆ ಕೇಳಬೇಕು. ಮಾಸ್ತರರು ಮೂರನೇ ಲಾಡ್ಜ್‌ಗೆ ಮಾಡಿದ ಕರೆ ಹೀಗಿತ್ತು.

“ಬಿಸಿನೀರು ಮುಂಜಾನಿ ಎಷ್ಟೊತ್ತಿಗಿಂದ ಎಷ್ಟೊತ್ತಿನ ತನಕ ಬರ್ತದ್ರಿ?”

“ಆರರಿಂದ ಒಂಬತ್ತರ ತನಕ ಬರ್ತದ್ರಿ.”

“ಹಿಂದಿನ ಸಾಲಿನ ರೂಮಿಗೆ ಲೇಟಾಗಿ ಬರ್ತದಂತಲ್ರೀ?”

ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ಆಮೇಲೆ “ಹೌದ್ರಿ, ಅಲ್ಲಿಗೆ ಸ್ವಲ್ಪ ತಡ ಆಗ್ತದ. ನಿಮಗ ಮುಂದಿಂದೇ ಕೊಡ್ತೀವಿ, ಕೆಳಗೇ ಅದ” ಅಂದರು. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡದ್ದು ನನಗೆ ಒಳ್ಳೆಯ ಗುರುತು ಅನಿಸಿತು. ಕಮೋಡ್ ಇದೆಯೋ ಅಂತ ಕೇಳಿ, ಬಾತ್‌ರೂಮ್‌ನ ಫೋಟೋವನ್ನು ವಾಟ್ಸಾಪ್‌ಗೆ ಹಾಕಿಸಿಕೊಂಡರು. ಆ ಶನಿವಾರ ಅಲ್ಲಿ ಮದುವೆ ಇಲ್ಲ ಅಂತಲೂ ಖಾತ್ರಿ ಮಾಡಿಕೊಂಡರು.

ಎರಡು ರಾತ್ರಿಗೆ ಬೇಕಿದ್ದರೂ ಮುಂಗಡ ಕೊಟ್ಟದ್ದು ಒಂದು ರಾತ್ರಿಗೆ ಮಾತ್ರ. ಎರಡನೇ ರಾತ್ರಿಯದನ್ನು ಅಲ್ಲಿಗೆ ಹೋಗಿ, ಹಾಸಿಗೆ, ಬಾತ್‌ರೂಮ್ ನೋಡಿ ಕೊಡುತ್ತೇವೆ ಅಂದರು, ಲಾಡ್ಜ್‌ನವರು ಒಪ್ಪಿದರು. ಗರ್ದಿ ಇಲ್ಲದ ದಿನಗಳಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಹಬ್ಬ, ಸಾಲು ರಜೆ ಇದ್ದಾಗ ಈ ಮಾತು ನಡೆಯುವುದು ಕಷ್ಟ.

ಬಂದ ಮೇಲೆ ನಾನು ಏನು ಬರೆಯಲಿ?

ಯಾವ ತಿಂಗಳು, ವಾರದ ಯಾವ ದಿನ, ಯಾರ ಜೊತೆ ಹೋಗಿದ್ದಿರಿ, ಯಾವ ಮಹಡಿ, ಎಷ್ಟು ಬಾಡಿಗೆ. ಮಾಸ್ತರರ ಹೆಂಡತಿ ಬರೆದದ್ದು ನಾಲ್ಕೇ ಸಾಲು: “ಡಿಸೆಂಬರ್, ಶನಿವಾರ, ಅತ್ತೆಯವರ ಜೊತೆ. ಕೆಳಗಿನ ಮುಂದಿನ ಕೋಣೆ, ಬಾಗಿಲಲ್ಲಿ ಎರಡು ಮೆಟ್ಟಿಲು. ಬಿಸಿನೀರು ಆರೂಕಾಲಿಗೆ ಬಂತು. ಸೊಳ್ಳೆ ಇವೆ, ಕಾಯಿಲ್ ಒಯ್ಯಿರಿ.” ಕೊಟ್ಟದ್ದು ನಾಲ್ಕು ಸ್ಟಾರ್.